ಗೌರಿ ಹಬ್ಬದ ಮನಿಯಾರ್ಡರ್ ಚೀಟಿ

ನಮ್ಮ ದೊಡ್ಡಬಳ್ಳಾಪುರದ ಕಡೆ ಮದುವೆಯಾದ ವರ್ಷದ ಮೊದಲ ಗೌರಿ ಹಬ್ಬಕ್ಕೆ ತವರಿನೋರು ಮೊರದ ಬಾಗಿನ ತಗೊಂಡು ಮಗಳ ಮನೆಗೆ ಹೋಗೋದು ವಾಡಿಕೆ. ಕೆಲಸ ಬಿಟ್ಟು ಹೋಗಕ್ಕಾಗದೆ ಇದ್ರೆ "ಅರಿಶಿನ ಕುಂಕುಮಕ್ಕೆ" ಅಂತ ಮನಿಯಾರ್ಡರ್ ಮಾಡ್ತಿದ್ರು. ಇದು ನಮ್ಮ ದೇಶದ ಅಂಚೆಯಲ್ಲಿ 1880ರಲ್ಲಿ ಶುರುವಾಗಿ, ಹಳೇ ರೂಪದಲ್ಲಿ 2015ರವರೆಗೂ ಇತ್ತು.

ಆ ಫಾರಂನ ಕೆಳಗಡೆ ಒಂದು ಸಣ್ಣ ಚೀಟಿ ಇರ್ತಿತ್ತು, ಕೂಪನ್ ಅಂತಿದ್ರು. ನಾಲ್ಕು ಸಾಲು ಬರೆಯೋಷ್ಟೇ ಜಾಗ. ದುಡ್ಡು ಕೊಟ್ಟ ಮೇಲೆ ಪೋಸ್ಟ್‌ಮ್ಯಾನ್ ಅದನ್ನ ಹರಿದು ಕೈಗೆ ಕೊಡ್ತಿದ್ದ. ನನ್ನ ಮೊದಲ ಗೌರಿಗೆ ಅಪ್ಪ ಬರೆದಿದ್ದು ಇಷ್ಟೇ: "ಚಿ. ಅಳಿಯಂದಿರಿಗೂ ಚಿ. ಸೌ. ಮಗಳಿಗೂ ಆಶೀರ್ವಾದ. ಹಬ್ಬದ ಅರಿಶಿನ ಕುಂಕುಮಕ್ಕೆ ಕಳಿಸಿದ್ದೇವೆ. ಬೀಗರಿಗೆ ನಮಸ್ಕಾರ ತಿಳಿಸಿ. ಬಿಡುವಾದಾಗ ಇಬ್ಬರೂ ಬಂದು ಹೋಗಿ."

ಅದರಲ್ಲಿ ಏನೇನು ಇಲ್ಲ ನೋಡಿ. ಯಾವಾಗ ಬರ್ತೀರ ಅಂತಿಲ್ಲ, ಎಷ್ಟು ದಿನ ಇರ್ತೀರ ಅಂತಿಲ್ಲ, "ಏನಾದ್ರೂ ವಿಶೇಷ ಉಂಟಾ" ಅಂತಲೂ ಇಲ್ಲ. ಅದಕ್ಕೆ ಕಾರಣ ಜಾಗ ಕಮ್ಮಿ ಅನ್ನೋದೊಂದೇ ಅಲ್ಲ. ಕವರಿನೊಳಗಿನ ಕಾಗದ ಅಲ್ವಲ್ಲ, ಪೋಸ್ಟ್‌ಮ್ಯಾನ್ ಓದ್ತಾನೆ, ಓದಕ್ಕೆ ಬಾರದ ಮನೇಲಿ ಅತ್ತೆ ಮುಂದೇನೇ ಓದಿ ಹೇಳ್ತಾನೆ. ಅದಕ್ಕೇ ಎಲ್ಲರ ಮುಂದೆ ಓದಿದ್ರೂ ಮಗಳು ತಲೆ ತಗ್ಗಿಸಬಾರದು, ಬೀಗರಿಗೂ ಚುಚ್ಚಬಾರದು, ಅಂಥ ಮಾತನ್ನೇ ಹುಡುಕಿ ಬರೀತಿದ್ರು.

ಹಾಗಂತ ಅಕ್ಕರೆ ಕಮ್ಮಿ ಇರಲಿಲ್ಲ. ಮನಿಯಾರ್ಡರ್ ಮಗಳ ಹೆಸರಿಗೇ ಬರ್ತಿತ್ತು. ಅವಳೇ ಹೊಸಲ ಹತ್ರ ಬಂದು ಸೈನ್ ಹಾಕಬೇಕು, ಇಲ್ಲ ಹೆಬ್ಬೆಟ್ಟು ಒತ್ತಬೇಕು. ಹೊಸ ಸೊಸೆ ಕೈಗೆ ಅವಳದೇ ಅಂತ ನಾಲ್ಕು ಕಾಸು ಸೇರೋದು ಆವಾಗಲೇ. ಆ ಸೈನ್ ಇರೋ ಇನ್ನೊಂದು ಚೀಟಿ ಅಂಚೆಯಲ್ಲೇ ತವರಿಗೆ ವಾಪಸ್ ಹೋಗ್ತಿತ್ತು. ಮಗಳ ಕೈಬರಹ ನೋಡಿದ್ರೆ ಅಮ್ಮನಿಗೆ ಅರ್ಧ ಸಮಾಧಾನ. ಹೇಗಿದೀಯ ಅಂತ ಕೇಳದೇನೇ ಸಿಕ್ಕಿದ ಉತ್ತರ ಅದು.

ಒಂದು ಎಚ್ಚರ ಮಾತ್ರ ಬೇಕಿತ್ತು. ಗೌರಿ ಮಾರನೇ ದಿನವೇ ಗಣೇಶ, ಅಂಚೆಗೆ ರಜ. ಎಂಟು ಹತ್ತು ದಿನ ಮುಂಚೆ ಕಟ್ಟದಿದ್ರೆ ಹಬ್ಬ ಮುಗಿದ ಮೇಲೆ ಬರ್ತಿತ್ತು. ಅಷ್ಟರಲ್ಲಿ "ತವರಿನೋರು ಮರೆತ್ರಾ" ಅನ್ನೋ ಮಾತು ಅಕ್ಕಪಕ್ಕದಲ್ಲಿ ಬಂದುಬಿಡೋದು.

ಈಗ ದುಡ್ಡು ಫೋನಲ್ಲಿ ಕ್ಷಣದಲ್ಲಿ ಹೋಗುತ್ತೆ. ಆದ್ರೆ ಹಿಂದೇನೇ "ಬಂತಾ? ನೋಡಿದ್ರಾ? ಯಾಕೆ ಉತ್ತರ ಇಲ್ಲ?" ಅಂತ ಮೂರು ಮೆಸೇಜು. ಮಕ್ಕಳಿಗೆ ಹಬ್ಬದ ದಿನ ಬರೆಯೋದಾದ್ರೆ ಆ ಚೀಟಿಯ ಅಳತೇಲೇ ಬರೀರಿ: ಇಬ್ಬರ ಹೆಸರು, ಆಶೀರ್ವಾದ, ಬೀಗರಿಗೆ ನಮಸ್ಕಾರ, "ಬಿಡುವಾದಾಗ ಬನ್ನಿ". ಉತ್ತರ ಅವರಾಗೇ ಕೊಡ್ತಾರೆ.