ಟಗ್ಗುಗಳಿಲ್ಲದ ದಿನ ಕ್ವೀನ್ ಮೇರಿ

1938ರ ಆಗಸ್ಟ್‌ನಲ್ಲಿ ‘ಕ್ವೀನ್ ಮೇರಿ’ ಹಡಗು ಅಟ್ಲಾಂಟಿಕ್ ಸಾಗರವನ್ನು ನಾಲ್ಕು ದಿನಕ್ಕೂ ಕಡಿಮೆ ಅವಧಿಯಲ್ಲಿ ದಾಟಿ ಜಗತ್ತಿನ ಅತಿ ವೇಗದ ಪ್ರಯಾಣಿಕರ ಹಡಗೆಂಬ ಕೀರ್ತಿ ಪಡೆಯಿತು. ಎರಡು ತಿಂಗಳ ನಂತರ, ಅಕ್ಟೋಬರ್‌ನಲ್ಲಿ, ಅದೇ ಹಡಗು ನ್ಯೂಯಾರ್ಕಿಗೆ ಬಂದಾಗ ಅದರ ಕಪ್ತಾನ ರಾಬರ್ಟ್ ಇರ್ವಿಂಗ್ ಅವರಿಗೆ ಬೇರೆಯದೇ ಪರೀಕ್ಷೆ ಕಾದಿತ್ತು. ಬಂದರಿನ ಟಗ್ ದೋಣಿಗಳ ಕೆಲಸಗಾರರು ಮುಷ್ಕರ ಹೂಡಿದ್ದರು. ಸಾಗರವನ್ನೇ ದಾಟಿ ಬಂದ ಹಡಗಿಗೆ ಉಳಿದಿದ್ದ ಕೊನೆಯ ಕೆಲವು ನೂರು ಗಜಗಳೇ ದುರ್ಗಮವಾಗಿ ಕಂಡವು.

ಆ ಕೊನೆಯ ದಾರಿಯಲ್ಲಿ ಏನಿದೆ ಎಂಬುದನ್ನು ಮೊದಲು ನೋಡಬೇಕು. ಕ್ವೀನ್ ಮೇರಿಯ ಉದ್ದ 1,019 ಅಡಿ, ಅಗಲ 118 ಅಡಿ. ಅದು ನಿಲ್ಲಬೇಕಾದ 90ನೇ ಧಕ್ಕೆ ಮ್ಯಾನ್‌ಹಟನ್ನಿನ ಪಶ್ಚಿಮ ದಂಡೆಯಲ್ಲಿ, ಹಡ್ಸನ್ ನದಿಯೊಳಕ್ಕೆ ಬೆರಳಿನಂತೆ ಚಾಚಿಕೊಂಡಿದೆ. ಇಂಥ ಎರಡು ಧಕ್ಕೆಗಳ ನಡುವಿನ ನೀರಿನ ಓಣಿಗೆ ಸುಮಾರು 400 ಅಡಿ ಅಗಲ. ಅದರಲ್ಲಿ ಪಕ್ಕದ ಧಕ್ಕೆಗೆ ಕಟ್ಟಿದ ಹಡಗೂ ಪಾಲು ಕೇಳುತ್ತದೆ. ನದಿಯಲ್ಲಿ ಮೇಲ್ಮುಖವಾಗಿ ಬಂದ ಹಡಗು ಬಲಕ್ಕೆ ಲಂಬಕೋನದಲ್ಲಿ ತಿರುಗಿ ಆ ಓಣಿಗೆ ನುಗ್ಗಬೇಕು.

ಎಂಜಿನ್ನಿನ ಬಲ ಇಲ್ಲಿ ಹೆಚ್ಚು ಉಪಯೋಗಕ್ಕೆ ಬಾರದು. ಚುಕ್ಕಾಣಿ ಕೆಲಸ ಮಾಡುವುದು ಅದರ ಮೇಲೆ ನೀರು ರಭಸದಿಂದ ಹರಿದಾಗ ಮಾತ್ರ. ಹಡಗು ನಿಧಾನವಾದಷ್ಟೂ ಚುಕ್ಕಾಣಿ ಸತ್ತಂತಾಗುತ್ತದೆ. ವೇಗ ಹೆಚ್ಚಿಸಿದರೆ ನಿಲ್ಲಿಸುವುದು ಕಷ್ಟ. ತಡೆಯಲೆಂದು ಪ್ರೊಪೆಲರ್‌ಗಳನ್ನು ಹಿಮ್ಮುಖವಾಗಿ ತಿರುಗಿಸಿದರೆ ಚುಕ್ಕಾಣಿಯ ಹಿಡಿತ ಇನ್ನಷ್ಟು ಹೋಗುತ್ತದೆ. ಜೊತೆಗೆ ಏಳೆಂಟು ಮಹಡಿಯ ಕಟ್ಟಡದಷ್ಟು ಎತ್ತರದ ಪಾರ್ಶ್ವಕ್ಕೆ ಗಾಳಿ ಬಡಿಯುತ್ತದೆ. ಗಾಳಿಯ ವೇಗ ಇಮ್ಮಡಿಯಾದರೆ ಅದರ ಒತ್ತಡ ನಾಲ್ಕು ಪಟ್ಟಾಗುತ್ತದೆ.

ಗಾಳಿಗಿಂತಲೂ ಮೋಸಗಾರ ಹಡ್ಸನ್ ನದಿಯೇ. ಸಮುದ್ರದ ಉಬ್ಬರವಿಳಿತ ಈ ನದಿಯಲ್ಲಿ ಸುಮಾರು 240 ಕಿಲೋಮೀಟರ್ ಒಳಗಿನ ಟ್ರಾಯ್ ಪಟ್ಟಣದವರೆಗೂ ತಲುಪುತ್ತದೆ. ಹೀಗಾಗಿ ನೀರು ಒಮ್ಮೆ ಮೇಲಕ್ಕೆ, ಒಮ್ಮೆ ಕೆಳಕ್ಕೆ ಹರಿಯುತ್ತದೆ. ಆದರೆ ಎರಡು ಧಕ್ಕೆಗಳ ನಡುವಿನ ಓಣಿಯಲ್ಲಿ ನೀರು ಹೆಚ್ಚುಕಡಿಮೆ ನಿಶ್ಚಲ. ಹಡಗಿನ ಮೂತಿ ಓಣಿಯೊಳಕ್ಕೆ ಹೋದಾಗ ಅದನ್ನು ಯಾರೂ ತಳ್ಳುವುದಿಲ್ಲ. ಹೊರಗೆ ನದಿಯಲ್ಲೇ ಉಳಿದ ಹಿಂಭಾಗವನ್ನು ಮಾತ್ರ ಪ್ರವಾಹ ಒಂದೇ ಸಮನೆ ಪಕ್ಕಕ್ಕೆ ತಳ್ಳುತ್ತಿರುತ್ತದೆ. ಸಾವಿರ ಅಡಿಯ ಹಡಗು ಬಾಗಿಲಿಗೆ ಅಡ್ಡವಾಗಿ ಸಿಕ್ಕಿಕೊಂಡ ಮಂಚದಂತೆ ಆಗುತ್ತದೆ. ಧಕ್ಕೆಯ ಮೂಲೆಗೆ ಹಡಗಿನ ಪಕ್ಕೆ ಬಡಿದರೆ ಮುರಿಯುವುದು ಮರದ ಕಂಬಗಳೋ ಉಕ್ಕಿನ ತಗಡೋ ಎಂಬುದಷ್ಟೇ ಪ್ರಶ್ನೆ.

ಟಗ್ಗುಗಳ ಕೆಲಸ ಇರುವುದು ಇಲ್ಲಿಯೇ. ಹಡಗು ತಾನಾಗಿ ಮುಂದಕ್ಕೆ, ಹಿಂದಕ್ಕೆ ಹೋಗಬಲ್ಲದು. ಪಕ್ಕಕ್ಕೆ ಸರಿಯಲಾರದು. ನ್ಯೂಯಾರ್ಕಿನ ಟಗ್ಗುಗಳು ತಮ್ಮ ಮೂತಿಗೆ ಹಳೆಯ ಹಗ್ಗಗಳನ್ನು ಹೆಣೆದ ದಪ್ಪ ಗಡ್ಡ ಕಟ್ಟಿಕೊಂಡು, ಅದನ್ನು ಹಡಗಿನ ಪಕ್ಕೆಗೆ ಒತ್ತಿ ತಳ್ಳುತ್ತಿದ್ದವು. ಕೆಲವು ಮುಂದೆ, ಕೆಲವು ಹಿಂದೆ. ಹಿಂದಿನವು ಪ್ರವಾಹಕ್ಕೆ ಎದುರಾಗಿ ಒತ್ತಿ ಹಿಡಿದರೆ ಹಡಗು ನೇರವಾಗಿ ಒಳಗೆ ಜಾರುತ್ತದೆ. ಕ್ವೀನ್ ಮೇರಿಯಂಥ ಹಡಗಿಗೆ ಅರ್ಧ ಡಜನ್‌ಗೂ ಹೆಚ್ಚು ಟಗ್ಗುಗಳು ಸೇರುವುದಿತ್ತು.

ಇವಕ್ಕೆಲ್ಲ ಒಬ್ಬನೇ ಯಜಮಾನ. ನ್ಯೂಯಾರ್ಕಿನಲ್ಲಿ ಪೈಲಟ್‌ಗಳು ಇಬ್ಬರು. ಸಮುದ್ರದಿಂದ ಬಂದರಿನೊಳಕ್ಕೆ ದಾರಿ ತೋರುವವರು ಸ್ಯಾಂಡಿ ಹುಕ್ ಪೈಲಟ್‌ಗಳು. 1694ರಿಂದಲೇ ಅವರದು ಕಾನೂನಿನ ಮನ್ನಣೆ ಪಡೆದ ವೃತ್ತಿ. ಧಕ್ಕೆ ಹತ್ತಿರವಾದಾಗ ಮಾತ್ರ ಇನ್ನೊಬ್ಬ, ಅಂದರೆ ಧಕ್ಕೆಯ ಪೈಲಟ್, ಏಣಿ ಹತ್ತಿ ಬರುತ್ತಾನೆ. ಆತ ಸಾಮಾನ್ಯವಾಗಿ ಟಗ್ ಕಂಪೆನಿಯ ಕಪ್ತಾನನೇ. ವರ್ಷಗಟ್ಟಲೆ ಕೆಳಗಿನಿಂದ ಹಡಗುಗಳನ್ನು ತಳ್ಳಿ, ಯಾವ ಧಕ್ಕೆಯ ಬಳಿ ನೀರು ಹೇಗೆ ಸುಳಿಯುತ್ತದೆಂದು ಕಲಿತವನು.

ರೇಡಿಯೊ ಬರುವ ಮೊದಲು ಆತ ಮಾತಾಡುತ್ತಿದ್ದುದು ಸೀಟಿಯಲ್ಲಿ. ಸಾಮಾನ್ಯವಾಗಿ ಮುಂದಿನ ಟಗ್ಗುಗಳಿಗೆ ಬಾಯಿಯ ಸೀಟಿ, ಹಿಂದಿನವುಗಳಿಗೆ ಹಡಗಿನ ಸೀಟಿ. ಸುಮ್ಮನೆ ನಿಂತ ಟಗ್ಗಿಗೆ ಒಂದು ಸೀಟಿ ಎಂದರೆ ‘ಅರ್ಧ ವೇಗದಲ್ಲಿ ಮುಂದೆ’. ತಳ್ಳುತ್ತಿರುವ ಟಗ್ಗಿಗೆ ಅದೇ ಒಂದು ಸೀಟಿ ಎಂದರೆ ‘ನಿಲ್ಲಿಸು’. ಎರಡು ಸೀಟಿ ಹಿಂದಕ್ಕೆ. ನಾಲ್ಕು ಚಿಕ್ಕ ಸೀಟಿ ಪೂರ್ಣ ವೇಗಕ್ಕೆ. ಒಂದೇ ಸದ್ದಿಗೆ ಎರಡು ಅರ್ಥವಿರುವುದರಿಂದ ಪ್ರತಿ ಟಗ್ ಈಗ ಏನು ಮಾಡುತ್ತಿದೆ ಎಂಬುದು ಪೈಲಟ್‌ನ ತಲೆಯಲ್ಲಿ ಸದಾ ಇರಬೇಕು. ಕೇಳಿಸಿತೆನ್ನಲು ಟಗ್ ಅದನ್ನೇ ಮರುಧ್ವನಿಸುತ್ತದೆ. ಮರುಧ್ವನಿ ಬರಲಿಲ್ಲವೆಂದರೆ ಅಪಾಯ ಶುರುವಾಯಿತೆಂದೇ ಲೆಕ್ಕ.

ತಪ್ಪಾದರೆ ಹೊಣೆ ಯಾರದು? ಟಗ್ ಕಂಪೆನಿಗಳು ಜಾಣತನದಿಂದ ಕರಾರಿನಲ್ಲಿ ಒಂದು ಷರತ್ತು ಸೇರಿಸಿದ್ದವು: ತಮ್ಮ ಕಪ್ತಾನ ಹಡಗನ್ನು ಹತ್ತಿದ ಕ್ಷಣದಿಂದ ಅವನು ಹಡಗಿನ ಮಾಲೀಕರ ಸೇವಕ. ‘ಸಬೈನ್ ಸನ್’ ಎಂಬ ತೈಲ ಹಡಗು ಹೀಗೆ ಟಗ್ ಕಂಪೆನಿಯ ಪೈಲಟ್‌ನ ಕೈಯಲ್ಲಿದ್ದಾಗ ನೆಲ ಹತ್ತಿದ್ದರ ವ್ಯಾಜ್ಯ ಅಮೆರಿಕದ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1932ರಲ್ಲಿ ಕೋರ್ಟು ಆ ಷರತ್ತನ್ನು ಎತ್ತಿಹಿಡಿಯಿತು. ಸಂಬಳ ಕೊಡುವವರು ಒಬ್ಬರು, ತಪ್ಪಿನ ದಂಡ ತೆರುವವರು ಇನ್ನೊಬ್ಬರು! ಅಂತೂ ಯಾರು ಸಲಹೆ ಕೊಟ್ಟರೂ ಹಡಗಿನ ಭಾರ ಕೊನೆಗೆ ಕಪ್ತಾನನ ಮೇಲೆಯೇ ಬೀಳುತ್ತಿತ್ತು.

1938ರ ಆ ಅಕ್ಟೋಬರ್‌ನಲ್ಲಿ ಇರ್ವಿಂಗ್ ಟಗ್ಗುಗಳಿಲ್ಲದೆಯೇ ಕ್ವೀನ್ ಮೇರಿಯನ್ನು ಧಕ್ಕೆಗೆ ತಂದು ನಿಲ್ಲಿಸಿದರು. ಇಂಥ ಸಂದರ್ಭದಲ್ಲಿ ಕಪ್ತಾನನ ಕೈಯಲ್ಲಿರುವ ಸಾಧನಗಳು ಕಡಿಮೆ. ಮೊದಲನೆಯದು ಗಡಿಯಾರ. ಉಬ್ಬರ ಮುಗಿದು ಇಳಿತ ಶುರುವಾಗುವ ನಡುವೆ ನದಿ ಸ್ವಲ್ಪ ಹೊತ್ತು ಸುಮ್ಮನಿರುತ್ತದೆ. ಆ ಬಿಡುವು ತಪ್ಪಿದರೆ ಆರು ಗಂಟೆಯಷ್ಟು ಕಾಯಬೇಕು. ಎರಡನೆಯದು ಹಡಗಿನ ನಾಲ್ಕು ಪ್ರೊಪೆಲರ್‌ಗಳು. ಎಡದವನ್ನು ಮುಂದಕ್ಕೂ ಬಲದವನ್ನು ಹಿಂದಕ್ಕೂ ತಿರುಗಿಸಿದರೆ ಹಡಗು ಮುಂದೆ ಹೋಗದೆ ನಿಂತಲ್ಲೇ ಬಲಕ್ಕೆ ಹೊರಳುತ್ತದೆ. ಮೂರನೆಯದು ಧಕ್ಕೆಯ ಮೂಲೆಯೇ. ಎಲ್ಲ ಕಪ್ತಾನರೂ ಹೆದರುವ ಆ ಮೂಲೆಗೆ ಹಡಗಿನ ಪಕ್ಕೆಯನ್ನು ತೀರ ಮೆಲ್ಲಗೆ ಒರಗಿಸಿ, ಅದನ್ನೇ ತಿರುಗಣಿಯಾಗಿ ಮಾಡಿಕೊಂಡು ಒಳಸರಿಯಬಹುದು. ಮೂತಿಯಿಂದ ಹಗ್ಗ ದಡ ಸೇರಿತೆಂದರೆ ಹಡಗಿನ ರಾಟೆಗಳು ಅದನ್ನು ಸುತ್ತಿಕೊಳ್ಳುತ್ತ ಉಳಿದ ದೂರ ಎಳೆಯುತ್ತವೆ. ಇದೆಲ್ಲ ಗಾಳಿ ಸುಮ್ಮನಿದ್ದರೆ ಮಾತ್ರ. ಜೋರು ಅಡ್ಡಗಾಳಿಯಲ್ಲಿ ಟಗ್ಗುಗಳಿಲ್ಲದೆ ಇದಕ್ಕೆ ಕೈಹಾಕುವುದು ಧೈರ್ಯವಲ್ಲ, ಹುಂಬತನ.

1953ರಲ್ಲಿ ಮತ್ತೆ ಟಗ್ ಮುಷ್ಕರವಾದಾಗ ಡೊನಾಲ್ಡ್ ಸೊರೆಲ್ ಎಂಬ ಕಪ್ತಾನರು ಅದೇ ಹಡಗನ್ನು ಅದೇ ಬಂದರಿನಲ್ಲಿ ಹಾಗೆಯೇ ನಿಲ್ಲಿಸಿದರು. ಮುಂದೆ ಪ್ರಯಾಣಿಕರ ಹಡಗುಗಳ ಮೂತಿಯಲ್ಲಿ ಅಡ್ಡಲಾಗಿ ನೀರು ತಳ್ಳುವ ಪ್ರೊಪೆಲರ್‌ಗಳನ್ನು ಇಡತೊಡಗಿದ ಮೇಲೆ ಈ ಸಾಹಸ ದಿನಚರಿಯಾಯಿತು. ಸರಕು ಹಡಗುಗಳಿಗೆ, ಅದರಲ್ಲೂ ತೈಲ ಮತ್ತು ಅದಿರು ಹೊತ್ತವಕ್ಕೆ, ಇಂದಿಗೂ ಟಗ್ ಬೇಕೇ ಬೇಕು. ನಮ್ಮ ಪಣಂಬೂರಿನ ನವಮಂಗಳೂರು ಬಂದರಿನಲ್ಲೂ ಪೈಲಟ್ ಮತ್ತು ಟಗ್ಗುಗಳ ನೆರವಿನಿಂದಲೇ ದೊಡ್ಡ ಹಡಗುಗಳು ಒಳಬರುತ್ತವೆ. ಆದರೆ ನೆಲವನ್ನು ಅಗೆದು ಮಾಡಿದ ಆ ಕೊಳದೊಳಗೆ ಹಡ್ಸನ್ನಿನಂತೆ ಅಡ್ಡ ಹರಿಯುವ ನದಿಯ ಕಾಟವಿಲ್ಲ. ಅಲ್ಲಿನ ತೊಡಕು ಹೊರಗಿನ ಕಾಲುವೆಯಲ್ಲಿ, ಮಳೆಗಾಲದ ಅಲೆಗಳದು.

ಕ್ವೀನ್ ಮೇರಿ 1967ರಲ್ಲಿ ಸೇವೆಯಿಂದ ನಿವೃತ್ತಿಯಾಗಿ ಕ್ಯಾಲಿಫೋರ್ನಿಯದ ಲಾಂಗ್ ಬೀಚ್ ಸೇರಿತು. ಸುತ್ತ ಕಲ್ಲಿನ ಒಡ್ಡು ಕಟ್ಟಿ, ಅದನ್ನು ಅಲ್ಲೇ ಹೋಟೆಲ್ ಆಗಿ ಉಳಿಸಿಕೊಳ್ಳಲಾಗಿದೆ.