ಛಾಯಾಚಿತ್ರವಿಲ್ಲದೆ ರಸ್ತೆ ಗುಂಡಿಯ ದೂರು

ಮೊಬೈಲ್‌ನಲ್ಲಿದ್ದ ಛಾಯಾಚಿತ್ರ ಅಳಿಸಿಹೋದ ಮಾತ್ರಕ್ಕೆ ರಸ್ತೆ ಗುಂಡಿಯ ದೂರು ಬಿದ್ದುಹೋಗುವುದಿಲ್ಲ. ಪಟ್ಟಣದ ಸಾರ್ವಜನಿಕ ಬೀದಿಗಳ ನಿರ್ವಹಣೆ 1964ರ ಕರ್ನಾಟಕ ಪುರಸಭೆಗಳ ಕಾಯ್ದೆಯಂತೆ ಸ್ಥಳೀಯ ಸಂಸ್ಥೆಯ ಕಡ್ಡಾಯ ಕರ್ತವ್ಯ. ಶಿಕಾರಿಪುರವಾಗಲಿ, ಸೊರಬವಾಗಲಿ, ಒಳರಸ್ತೆಯ ದೂರನ್ನು ಮುಖ್ಯಾಧಿಕಾರಿಗೆ ಬರೆಯಬೇಕು. ರಾಜ್ಯ ಹೆದ್ದಾರಿಯಾದರೆ ಅದು ಲೋಕೋಪಯೋಗಿ ಇಲಾಖೆಗೆ ಸೇರುತ್ತದೆ.

ಚಿತ್ರ ಹೇಳುತ್ತಿದ್ದುದನ್ನು ಈಗ ಅಳತೆ ಹೇಳಬೇಕು. ‘ದೊಡ್ಡ ಗುಂಡಿ’ ಎಂದರೆ ಸಾಲದು. ಉದಾಹರಣೆಗೆ: ‘ವಾರ್ಡಿನ ಶಾಲಾ ಗೇಟಿನಿಂದ ಬಸ್ ನಿಲ್ದಾಣದ ಕಡೆಗೆ 20 ಹೆಜ್ಜೆ, ಎಡಬದಿಯ ವಿದ್ಯುತ್ ಕಂಬದೆದುರು, ಉದ್ದ 4 ಅಡಿ, ಅಗಲ 3 ಅಡಿ, ಆಳ ಅರ್ಧ ಅಡಿ.’ ಮಳೆಗಾಲದಲ್ಲಿ ನೀರು ಆಳವನ್ನು ಮರೆಮಾಚುವುದರಿಂದ ಕೋಲು ಇಳಿಸಿ ಅಳೆಯಬೇಕು.

ಮೊದಲು ಕಂಡ ದಿನ ಮತ್ತು ಅಳೆದ ದಿನವನ್ನು ಬೇರೆಬೇರೆಯಾಗಿ ನಮೂದಿಸಬೇಕು. ಹೊಸದಾಗಿ ತೆಗೆದ ಚಿತ್ರಕ್ಕೆ ಹಳೆಯ ದಿನಾಂಕ ಹಾಕಿದರೆ ಇಡೀ ದೂರೇ ಸಂಶಯಕ್ಕೊಳಗಾಗುತ್ತದೆ. ಅಳೆಯುವಾಗ ಜತೆಗಿದ್ದ ನೆರೆಯವರಿಬ್ಬರ ಸಹಿ ಪತ್ರಕ್ಕೆ ಬಲ ನೀಡುತ್ತದೆ.

ಪತ್ರದ ಎರಡನೇ ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ ಮತ್ತು ದಿನಾಂಕ ಪಡೆಯುವುದು ಅಗತ್ಯ. ಗುಂಡಿ ಹಾಗೆಯೇ ಉಳಿದರೆ, ಆ ಪ್ರತಿಯನ್ನು ಉಲ್ಲೇಖಿಸಿ ಕೈಗೊಂಡ ಕ್ರಮದ ದಾಖಲೆಯನ್ನು ಮಾಹಿತಿ ಹಕ್ಕು ಕಾಯ್ದೆ, 2005ರಡಿ ಕೇಳಬಹುದು. ಅದಕ್ಕೆ ಉತ್ತರಿಸಲು ಕಚೇರಿಗೆ 30 ದಿನಗಳ ಅವಧಿಯಿದೆ.