ಒಂದು ಬೆಲೆ, ಎರಡು ವಿನಿಮಯ ದರ: ಪೀಣ್ಯಕ್ಕೆ ಬರುವ ಟೂಲ್ ಹೋಲ್ಡರಿನ ಲೆಕ್ಕ

ಪೀಣ್ಯದ ಸಿಎನ್‌ಸಿ ವರ್ಕ್‌ಶಾಪಿನವರು ಜರ್ಮನಿಯ ಜಾಲತಾಣದಲ್ಲಿ ಒಂದು ಟೂಲ್ ಹೋಲ್ಡರ್ ನೋಡಿದರೆ ಸಾಮಾನ್ಯವಾಗಿ ಹಾಕುವ ಲೆಕ್ಕ ಹೀಗಿರುತ್ತದೆ: ಪರದೆಯ ಮೇಲಿನ ಯೂರೋ ಬೆಲೆಯನ್ನು ಮೊಬೈಲ್ ತೋರಿಸಿದ ದರದಿಂದ ಗುಣಿಸುವುದು, ಅದರ ಮೇಲೆ ‘ಡ್ಯೂಟಿ ಒಂದು ಮೂವತ್ತು ಪರ್ಸೆಂಟ್’ ಕೂಡಿಸುವುದು. ಈ ಅಂದಾಜು ಎಷ್ಟೋ ಸಲ ಕೈಯಿಂದ ಹೋಗುವ ಮೊತ್ತಕ್ಕೆ ಹತ್ತಿರವೇ ಇರುತ್ತದೆ. ಹತ್ತಿರ ಬರುವುದು ಮಾತ್ರ ಒಂದು ತಪ್ಪು ಇನ್ನೊಂದು ತಪ್ಪನ್ನು ಮುಚ್ಚಿಕೊಳ್ಳುವುದರಿಂದ. ಯಾವ ತಪ್ಪು ಯಾವುದನ್ನು ಮುಚ್ಚುತ್ತದೆ ಎಂದು ಬಿಡಿಸಿ ನೋಡುವುದೇ ಈ ಟಿಪ್ಪಣಿಯ ಉದ್ದೇಶ. ಕೆಳಗಿನ ವಿನಿಮಯ ದರ, ಬ್ಯಾಂಕಿನ ಶುಲ್ಕ ಮತ್ತು ಕೊರಿಯರ್ ಶುಲ್ಕಗಳು ಲೆಕ್ಕದ ಅನುಕೂಲಕ್ಕೆ ಹಿಡಿದವು. ಯೂರೋ ಒಂದಕ್ಕೆ ಮಾರುಕಟ್ಟೆಯ ದರ ₹100 ಎಂದಿಟ್ಟುಕೊಳ್ಳೋಣ.

ಜಾಲತಾಣದಲ್ಲಿ ಹೋಲ್ಡರಿನ ಬೆಲೆ 476 ಯೂರೋ, ಅದರ ಕೆಳಗೆ ಸಣ್ಣ ಅಕ್ಷರದಲ್ಲಿ inkl. MwSt. ಎಂದಿದೆ. ಅಂದರೆ ಜರ್ಮನಿಯ ಶೇ 19ರ ವ್ಯಾಟ್ ಆ ಬೆಲೆಯಲ್ಲೇ ಸೇರಿದೆ. ಯುರೋಪಿಯನ್ ಒಕ್ಕೂಟದಿಂದ ಹೊರಗೆ ರಫ್ತಾಗುವ ಸರಕಿಗೆ ಈ ತೆರಿಗೆ ಇಲ್ಲ. ಹಾಗಾಗಿ 476ನ್ನು 1.19ರಿಂದ ಭಾಗಿಸಿದರೆ ಬರುವ 400 ಯೂರೋ ನಿಜವಾದ ಬೆಲೆ. ಆದರೆ ಈ ಕಡಿತ ತಾನಾಗಿ ಆಗುವುದಿಲ್ಲ. ಸರಕು ದೇಶ ಬಿಟ್ಟಿತೆಂಬ ದಾಖಲೆಯನ್ನು ಮಾರುವವರು ಇಟ್ಟುಕೊಳ್ಳಬೇಕಾಗುತ್ತದೆ, ಆ ತಾಪತ್ರಯ ಬೇಡವೆಂದು ಕೆಲವು ಸಣ್ಣ ಅಂಗಡಿಗಳು ವ್ಯಾಟ್ ಕಳೆಯುವುದೇ ಇಲ್ಲ. ವಿಳಾಸದಲ್ಲಿ ಭಾರತ ಎಂದು ಆರಿಸಿದ ಮೇಲೆ ಬೆಲೆ ಇಳಿಯಿತೇ ಎಂಬುದನ್ನು ಹಣ ಕಟ್ಟುವ ಪುಟದಲ್ಲೇ ನೋಡಿಕೊಳ್ಳಬೇಕು. ಇಳಿಯದಿದ್ದರೆ ಆ 76 ಯೂರೋಗೆ ಕಾರ್ಡಿನ ಶುಲ್ಕ ಬೀಳುತ್ತದೆ, ಇನ್‌ವಾಯ್ಸಿನಲ್ಲಿ ಇರುವುದರಿಂದ ಇಲ್ಲಿನ ಸುಂಕವೂ ಬೀಳುತ್ತದೆ. ಕೆಳಗಿನ ದರಗಳಲ್ಲಿ ಆ ಒಂದೇ ಬಾಬ್ತಿಗೆ ಸುಮಾರು ₹10,100 ಹೆಚ್ಚು ಹೋಗುತ್ತದೆ. ನನ್ನ ದೃಷ್ಟಿಯಲ್ಲಿ ಇಡೀ ವ್ಯವಹಾರದಲ್ಲಿ ಕೊಳ್ಳುವವರ ಹತೋಟಿಯಲ್ಲಿರುವ ಅತಿ ದೊಡ್ಡ ಮೊತ್ತ ಇದೇ. ಬ್ಯಾಂಕನ್ನೂ ಕಸ್ಟಮ್ಸನ್ನೂ ಬೈಯುವ ಮೊದಲು ನೋಡಬೇಕಾದದ್ದು ಈ ಸಣ್ಣ ಅಕ್ಷರ.

ವ್ಯಾಟ್ ಕಳೆದರು, ಸಾಗಣೆಗೆ 50 ಯೂರೋ ಹಾಕಿದರು, ಇನ್‌ವಾಯ್ಸ್ 450 ಯೂರೋ ಆಯಿತು ಎಂದುಕೊಳ್ಳೋಣ. ಇಲ್ಲಿಂದ ಒಂದೇ ಇನ್‌ವಾಯ್ಸ್ ಎರಡು ಸಲ ರೂಪಾಯಿಗೆ ಬದಲಾಗುತ್ತದೆ. ಒಮ್ಮೆ ಕಾರ್ಡಿನ ಜಾಲ ಬದಲಿಸುತ್ತದೆ, ಇನ್ನೊಮ್ಮೆ ಕಸ್ಟಮ್ಸ್. ಎರಡರ ದರವೂ ಬೇರೆ, ತಾರೀಖೂ ಬೇರೆ. ಮೊಬೈಲಿನಲ್ಲಿ ಕಂಡ ₹100 ಈ ಎರಡೂ ಕಡೆ ಬಳಕೆಗೆ ಬರುವುದಿಲ್ಲ.

ಮೊದಲು ಕಾರ್ಡು. ವೀಸಾ ಅಥವಾ ಮಾಸ್ಟರ್‌ಕಾರ್ಡ್ ತನ್ನ ಆ ದಿನದ ದರದಲ್ಲಿ ಯೂರೋವನ್ನು ರೂಪಾಯಿ ಮಾಡುತ್ತದೆ; ಅದನ್ನು ₹100.40 ಎನ್ನೋಣ. ವ್ಯವಹಾರ ಇತ್ಯರ್ಥವಾಗುವುದು ಬಟನ್ ಒತ್ತಿದ ಒಂದೆರಡು ದಿನದ ಮೇಲೆ ಆಗಿರಬಹುದು, ದರವೂ ಅದಕ್ಕೆ ತಕ್ಕಂತೆ ಬದಲಾಗಿರಬಹುದು. ಹೀಗೆ ಬಂದ ₹45,180ರ ಮೇಲೆ ಬ್ಯಾಂಕ್ ತನ್ನ ಮಾರ್ಕಪ್ ಹಾಕುತ್ತದೆ. ನಮ್ಮಲ್ಲಿ ಬಹುತೇಕ ಕಾರ್ಡುಗಳಿಗೆ ಇದು ಶೇ 2ರಿಂದ 3.5ರೊಳಗೆ. ಶೇ 3.5 ಎಂದರೆ ₹1,581.30. ಆ ಮಾರ್ಕಪ್ಪಿನ ಮೇಲೆ ಶೇ 18 ಜಿಎಸ್‌ಟಿ, ₹284.63. ಒಟ್ಟು ₹47,045.93. ಜಿಎಸ್‌ಟಿ ಬೀಳುವುದು ಮಾರ್ಕಪ್ಪಿಗೆ ಮಾತ್ರ, ಇಡೀ ಮೊತ್ತಕ್ಕಲ್ಲ. ಆದ್ದರಿಂದ ಶೇ 3.5ರ ಕಾರ್ಡು ನಿಜಕ್ಕೂ ಶೇ 4.13ರ ಕಾರ್ಡು.

ಸ್ಟೇಟ್‌ಮೆಂಟಿನಲ್ಲಿ ಮಾರ್ಕಪ್ ಪ್ರತ್ಯೇಕ ಸಾಲಾಗಿ ಬಾರದೆ ಮೊತ್ತದಲ್ಲೇ ಸೇರಿ, ₹46,761.30 ಎಂದು ಮಾತ್ರ ಬರುವುದೂ ಉಂಟು. ಅದನ್ನು 450ರಿಂದ ಭಾಗಿಸಿದರೆ 103.914. ವೀಸಾ, ಮಾಸ್ಟರ್‌ಕಾರ್ಡ್ ಎರಡೂ ತಮ್ಮ ತಾಣದಲ್ಲಿ ದಿನವಾರು ದರ ತೋರಿಸುವ ಕ್ಯಾಲ್ಕುಲೇಟರ್ ಇಟ್ಟಿವೆ. ಅಲ್ಲಿ ಸಿಕ್ಕ 100.40ರಿಂದ ಮತ್ತೆ ಭಾಗಿಸಿದರೆ 1.035 ಬರುತ್ತದೆ, ಅಂದರೆ ಬ್ಯಾಂಕ್ ತೆಗೆದುಕೊಂಡದ್ದು ಶೇ 3.5. ಪುಟದಲ್ಲೇ ‘ರೂಪಾಯಿಯಲ್ಲಿ ಪಾವತಿಸಿ’ ಎಂಬ ಆಯ್ಕೆ ಕಂಡರೂ ಇದೇ ಭಾಗಾಕಾರ ಮಾಡಿ ನೋಡಬೇಕು. ಆಗ ಪರಿವರ್ತನೆ ಮಾಡುವವರು ಮಾರುವವರ ಕಡೆಯವರು, ಅವರ ಲಾಭ ದರದೊಳಗೇ ಅಡಗಿರುತ್ತದೆ. ವ್ಯಾಪಾರಿ ವಿದೇಶದವನಾದರೆ ರೂಪಾಯಿ ವ್ಯವಹಾರಕ್ಕೂ ಪ್ರತ್ಯೇಕ ಶುಲ್ಕ ಹಾಕುವ ಬ್ಯಾಂಕುಗಳಿವೆ. ಯೂರೋದಲ್ಲೇ ಕಟ್ಟುವುದು ಸಾಮಾನ್ಯವಾಗಿ ಅಗ್ಗ.

ಇನ್ನು ಕಸ್ಟಮ್ಸ್. 1962ರ ಕಸ್ಟಮ್ಸ್ ಕಾಯ್ದೆಯ 14ನೇ ಕಲಮಿನ ಪ್ರಕಾರ ಇಲ್ಲಿ ಸಲ್ಲುವುದು ಸಿಬಿಐಸಿ ಗೊತ್ತುಪಡಿಸಿದ ದರ. ಅದನ್ನು ತಿಂಗಳಿಗೆರಡು ಸಲ, ಒಂದನೇ ಮತ್ತು ಮೂರನೇ ಗುರುವಾರ, ಪ್ರಕಟಿಸುವ ಪದ್ಧತಿ ಇದೆ. 2024ರ ಜುಲೈಯಿಂದ ಅಧಿಸೂಚನೆಯ ಬದಲು ಆನ್‌ಲೈನಿನಲ್ಲೇ ಹಾಕುತ್ತಾರೆ. ಆಮದಿಗೂ ರಫ್ತಿಗೂ ಬೇರೆ ಬೇರೆ ದರ, ಆಮದಿನದು ಮೇಲಿರುತ್ತದೆ. ಬಿಲ್ ಆಫ್ ಎಂಟ್ರಿ ಸಲ್ಲಿಸಿದ ದಿನ ಯಾವುದು ಜಾರಿಯಲ್ಲಿತ್ತೋ ಅದೇ ಲೆಕ್ಕ. ಕೊರಿಯರಿನಲ್ಲಿ ಬರುವ ಪೊಟ್ಟಣಕ್ಕೆ ಅದನ್ನು ಸಲ್ಲಿಸುವವರು ಕೊರಿಯರಿನವರೇ, ದಿನ ಆರಿಸಿಕೊಳ್ಳುವುದು ನಮ್ಮ ಕೈಯಲ್ಲಿಲ್ಲ. ಈ ದರವನ್ನು ₹101.50 ಎನ್ನೋಣ.

ಸುಂಕ ಬೀಳುವ ಮೌಲ್ಯವೂ 450 ಯೂರೋ ಅಲ್ಲ. 2007ರ ಮೌಲ್ಯಮಾಪನ ನಿಯಮಗಳ ಪ್ರಕಾರ ಸರಕಿನ ಬೆಲೆಗೆ ಸಾಗಣೆ ಮತ್ತು ವಿಮೆ ಸೇರಬೇಕು. ವಿಮೆಯ ಮೊತ್ತ ಗೊತ್ತಿಲ್ಲದಿದ್ದರೆ ಬೆಲೆಯ ಶೇ 1.125 ಹಿಡಿಯುತ್ತಾರೆ, ಇಲ್ಲಿ 4.50 ಯೂರೋ. ವಿಮಾನದ ಸಾಗಣೆಗೆ ಒಂದು ಮಿತಿ ಇದೆ: ಎಷ್ಟೇ ಕೊಟ್ಟಿರಲಿ, ಬೆಲೆಯ ಶೇ 20ಕ್ಕಿಂತ ಹೆಚ್ಚು ಲೆಕ್ಕಕ್ಕೆ ಬಾರದು. ನಮ್ಮ 50 ಯೂರೋ ಆ ಮಿತಿಯ ಒಳಗೇ ಇದೆ. ಆದರೆ 20 ಯೂರೋದ ಒಂದು ಸೀಲಿಗೆ 50 ಯೂರೋ ಸಾಗಣೆ ಕೊಟ್ಟು ತರಿಸಿದವರಿಗೆ ಸುಂಕದ ಲೆಕ್ಕಕ್ಕೆ ಸಾಗಣೆ ಬರೀ 4 ಯೂರೋ. ಸಣ್ಣ ಬಿಡಿಭಾಗಗಳ ವಿಷಯದಲ್ಲಿ ‘ಒಟ್ಟು ಬಿಲ್ಲಿನ ಮೇಲೆ ಮೂವತ್ತು ಪರ್ಸೆಂಟ್’ ಎಂಬ ಅಂದಾಜು ಕೈಕೊಡುವುದು ಇಲ್ಲೇ.

ಹೀಗೆ 454.50 ಯೂರೋ, ₹46,131.75. ಟೂಲ್ ಹೋಲ್ಡರ್ 8466ನೇ ಶೀರ್ಷಿಕೆಗೆ ಸೇರುತ್ತದೆ, ಮೂಲ ಸುಂಕ ಶೇ 7.5: ₹3,459.88. ಆ ಸುಂಕದ ಶೇ 10, 2018ರಿಂದ ಬಂದ ಸಮಾಜ ಕಲ್ಯಾಣ ಸರ್ಚಾರ್ಜ್: ₹345.99. ಮೌಲ್ಯಕ್ಕೆ ಇವೆರಡನ್ನೂ ಕೂಡಿಸಿದ ಮೇಲೆ ಶೇ 18 ಐಜಿಎಸ್‌ಟಿ: ₹8,988.77. ಒಟ್ಟು ₹12,794.64. ಮೌಲ್ಯದ ಶೇ 27.735 ಎಂಬ ವಿಚಿತ್ರ ಸಂಖ್ಯೆ ಹುಟ್ಟುವುದು ಹೀಗೆ, ತೆರಿಗೆಯ ಮೇಲೆ ತೆರಿಗೆ ಕೂತು.

ಸ್ಪ್ರೆಡ್‌ಶೀಟಿನಲ್ಲಿ ಇಡಬೇಕೆನ್ನುವವರಿಗೆ ಎರಡೇ ಸಾಲು. ಮೊದಲನೆಯದು ಕಾರ್ಡಿಗೆ, ಎರಡನೆಯದು ಸುಂಕಕ್ಕೆ:

```
(F+S)*R*(1+m*1.18)
(F*1.01125+MIN(S,0.2*F))*C*(d*1.1+(1+d*1.1)*0.18)
```

F ಸರಕಿನ ಬೆಲೆ, S ಸಾಗಣೆ, R ಕಾರ್ಡಿನ ದರ, m ಮಾರ್ಕಪ್, C ಕಸ್ಟಮ್ಸ್ ದರ, d ಮೂಲ ಸುಂಕ. ಇಲ್ಲಿ ಅತಿ ಸೂಕ್ಷ್ಮವಾದ ಅಂಕಿ d. ಮಾರುವವರು ಇನ್‌ವಾಯ್ಸಿನಲ್ಲಿ ಬರೆಯುವ ಸರಕಿನ ಸಂಖ್ಯೆಯ ಮೊದಲ ಆರು ಅಂಕಿ ಎಲ್ಲ ದೇಶಗಳಿಗೂ ಸಾಮಾನ್ಯ, ಮುಂದಿನವು ಆಯಾ ದೇಶದವು. ಆ ಸಂಖ್ಯೆ ತಪ್ಪಿದರೆ ಸುಂಕವೂ ತಪ್ಪುತ್ತದೆ. ಎಲೆಕ್ಟ್ರಾನಿಕ್ ಸಿಟಿಯ ವಿನ್ಯಾಸ ಸಂಸ್ಥೆಯೊಂದು ತರಿಸುವ ಬಿಡಿ ಚಿಪ್ಪು 8542ರಲ್ಲಿ ಬರುತ್ತದೆ, ಮೂಲ ಸುಂಕ ಸೊನ್ನೆ, ಬೀಳುವುದು ಶೇ 18 ಐಜಿಎಸ್‌ಟಿ ಮಾತ್ರ. ಅದೇ ಚಿಪ್ಪನ್ನು ಕೂರಿಸಿದ ಬೋರ್ಡು ಆ ಶೀರ್ಷಿಕೆಗೆ ಸೇರುವುದಿಲ್ಲ. ವೈಟ್‌ಫೀಲ್ಡಿನ ಉದ್ಯೋಗಿ ಸ್ವಂತಕ್ಕೆ ಕೀಬೋರ್ಡ್ ತರಿಸಿದರೆ ಲೆಕ್ಕವೇ ಬೇರೆ: ಸ್ವಂತ ಬಳಕೆಯ ಸರಕಿಗೆಂದೇ 9804 ಎಂಬ ಶೀರ್ಷಿಕೆ ಇದೆ, ಅದರ ದರ ಬಜೆಟ್ಟುಗಳಲ್ಲಿ ಬದಲಾಗುತ್ತಲೇ ಇರುವುದರಿಂದ ಹಳೆಯ ಲೇಖನ ನೋಡಿ ಲೆಕ್ಕ ಹಾಕಬಾರದು.

ಮತ್ತೆ ಪೀಣ್ಯಕ್ಕೆ. ಸುಂಕವನ್ನು ಮುಂಗಡವಾಗಿ ಕಟ್ಟಿದ್ದಕ್ಕೆ ಕೊರಿಯರಿನವರು ₹1,000, ಅದರ ಜಿಎಸ್‌ಟಿ ₹180 ಕೇಳಿದರು ಎಂದುಕೊಂಡರೆ ಕೈಯಿಂದ ಹೋದದ್ದು ಒಟ್ಟು ₹61,020.57. ಆರಂಭದ ಅಂದಾಜಿನಂತೆ 476ನ್ನು 100ರಿಂದ ಗುಣಿಸಿ ಶೇ 30 ಕೂಡಿಸಿದ್ದರೆ ₹61,880 ಬರುತ್ತಿತ್ತು. ವ್ಯತ್ಯಾಸ ಒಂಬೈನೂರೂ ಇಲ್ಲ. ಕಳೆಯದೆ ಬಿಟ್ಟ ವ್ಯಾಟ್, ಕೂಡಿಸದೆ ಬಿಟ್ಟ ಸಾಗಣೆಯನ್ನೂ ಕಾರ್ಡಿನ ಶುಲ್ಕವನ್ನೂ ನುಂಗಿಕೊಂಡಿತು. ವ್ಯಾಟ್ ಇಲ್ಲದ ಬೆಲೆ ತೋರಿಸುವ ತಾಣದಲ್ಲಿ ಇದೇ ಅಂದಾಜು ಹಾಕಿದರೆ ₹52,000 ಬಂದು, ₹9,000 ಕಡಿಮೆ ಬೀಳುತ್ತದೆ.

ಆದರೆ ₹61,020 ವರ್ಕ್‌ಶಾಪಿನ ನಿಜವಾದ ವೆಚ್ಚವಲ್ಲ. ಜಿಎಸ್‌ಟಿ ನೋಂದಣಿ ಇರುವವರಿಗೆ ಐಜಿಎಸ್‌ಟಿ ₹8,988.77, ಕೊರಿಯರಿನ ₹180 ಕ್ರೆಡಿಟ್ಟಾಗಿ ಮರಳುತ್ತವೆ. ಮೂಲ ಸುಂಕ, ಸರ್ಚಾರ್ಜ್ ಮರಳುವುದಿಲ್ಲ. ಮಾಲೀಕರ ಸ್ವಂತ ಕಾರ್ಡಿನಲ್ಲಿ ಕಟ್ಟಿದ್ದರೆ ಮಾರ್ಕಪ್ಪಿನ ಜಿಎಸ್‌ಟಿಯೂ ಮರಳದು. ಉಳಿಯುವ ವೆಚ್ಚ ₹51,851.80. ಇದಕ್ಕೊಂದು ಷರತ್ತಿದೆ: ಬಿಲ್ ಆಫ್ ಎಂಟ್ರಿಯಲ್ಲಿ ಸಂಸ್ಥೆಯ ಹೆಸರು, ಜಿಎಸ್‌ಟಿ ಸಂಖ್ಯೆ ಇರಲೇಬೇಕು. ಜಾಲತಾಣದಲ್ಲಿ ಮಾಲೀಕರ ಹೆಸರು ಬರೆದು, ಕೊರಿಯರಿನವರು ಕೆವೈಸಿ ಕೇಳಿದಾಗ ಅವಸರಕ್ಕೆ ಆಧಾರ್ ಕಳಿಸಿಬಿಟ್ಟರೆ ಪೊಟ್ಟಣ ಬೇಗ ಬಿಡುಗಡೆಯಾಗಬಹುದು, ಸುಮಾರು ₹9,000ದ ಕ್ರೆಡಿಟ್ ಮಾತ್ರ ಹೋಯಿತೆಂದೇ ಲೆಕ್ಕ. ಆರ್ಡರ್ ಮಾಡುವಾಗಲೇ ಸಂಸ್ಥೆಯ ಹೆಸರು ಬರೆದು, ಐಇಸಿ ಮತ್ತು ಜಿಎಸ್‌ಟಿ ಸಂಖ್ಯೆಯನ್ನು ಕೊರಿಯರಿನವರಿಗೆ ಮುಂಚಿತವಾಗಿ ತಿಳಿಸಿರಬೇಕು.

ಊರಿನ ಡೀಲರ್ ಇದೇ ಹೋಲ್ಡರಿಗೆ ‘₹53,000, ಜಿಎಸ್‌ಟಿ ಬೇರೆ’ ಎಂದರೆ ಹೋಲಿಸಬೇಕಾದದ್ದು ₹51,852ರ ಜೊತೆ. ₹61,020 ಇಟ್ಟುಕೊಂಡು ನೋಡಿದರೆ ಡೀಲರ್ ಬಹಳ ಅಗ್ಗವಾಗಿ ಕಾಣುತ್ತಾನೆ, ₹47,600 ಇಟ್ಟುಕೊಂಡು ನೋಡಿದರೆ ದುಬಾರಿಯಾಗಿ. ನಿಜವಾದ ಅಂತರ ₹1,148. ವಸ್ತು ಕೆಟ್ಟರೆ ಜರ್ಮನಿಗೆ ಹಿಂದಿರುಗಿಸುವ ಸಾಗಣೆಯೊಂದೇ ಇದಕ್ಕಿಂತ ಹೆಚ್ಚಾಗುತ್ತದೆ, ಆದ್ದರಿಂದ ಈ ಬೆಲೆಗೆ ಡೀಲರನಿಂದಲೇ ಕೊಳ್ಳುವುದು ಲೇಸು.